ಸಂದರ್ಶನದ ನಂತರದ ಧನ್ಯವಾದ ಪತ್ರ: ಅದನ್ನು ಚಿಕ್ಕದಾಗಿ, ನಿಖರವಾಗಿ ತಿದ್ದಿ ಬರೆಯುವ ಬಗೆ

ಕೆಲಸದ ಸಂದರ್ಶನ ಮುಗಿಸಿ ಬಂದವರು ಅದೇ ಸಂಜೆ ಕಳುಹಿಸುವ ಧನ್ಯವಾದದ ಇಮೇಲ್‌ಗಳಲ್ಲಿ ಹೆಚ್ಚಿನವು ಹೀಗಿರುತ್ತವೆ:

"ಗೌರವಾನ್ವಿತ ಮೇಡಂ, ಇಂದು ತಮ್ಮ ಪ್ರತಿಷ್ಠಿತ ಸಂಸ್ಥೆಯಲ್ಲಿ ಸಂದರ್ಶನಕ್ಕೆ ಹಾಜರಾಗಲು ಅವಕಾಶ ಕಲ್ಪಿಸಿದ್ದಕ್ಕಾಗಿ ತಮಗೆ ಹೃತ್ಪೂರ್ವಕ ಧನ್ಯವಾದಗಳು. ತಮ್ಮೊಂದಿಗೆ ಮಾತನಾಡಿದ್ದು ನನಗೆ ಬಹಳ ಸಂತೋಷ ತಂದಿದೆ. ತಮ್ಮ ಸಂಸ್ಥೆಯ ಕೆಲಸದ ವಾತಾವರಣ ತುಂಬಾ ಹಿಡಿಸಿತು. ನಾನು ಶ್ರಮಜೀವಿ, ಪ್ರಾಮಾಣಿಕ ಹಾಗೂ ಹೊಸದನ್ನು ಬೇಗ ಕಲಿಯುವ ಸ್ವಭಾವದವನು. ಅವಕಾಶ ಸಿಕ್ಕಲ್ಲಿ ಸಂಸ್ಥೆಯ ಏಳಿಗೆಗಾಗಿ ನನ್ನ ಸಂಪೂರ್ಣ ಸಾಮರ್ಥ್ಯವನ್ನು ಧಾರೆಯೆರೆಯುತ್ತೇನೆ. ತಮ್ಮ ಸಕಾರಾತ್ಮಕ ಉತ್ತರದ ನಿರೀಕ್ಷೆಯಲ್ಲಿದ್ದೇನೆ."

ಇದರಲ್ಲಿ ಕಾಗುಣಿತದ ತಪ್ಪಿಲ್ಲ, ಮರ್ಯಾದೆಗೂ ಕೊರತೆಯಿಲ್ಲ. ಆದರೆ ಯಾವ ಹುದ್ದೆ, ಯಾವ ಸಂಸ್ಥೆ, ಸಂದರ್ಶನದಲ್ಲಿ ಏನು ಮಾತಿಗೆ ಬಂತು ಎಂಬುದರ ಒಂದು ಸುಳಿವೂ ಇಲ್ಲಿ ಸಿಗುವುದಿಲ್ಲ. ವಿಳಾಸ ಬದಲಿಸಿದರೆ ಇದೇ ಪತ್ರವನ್ನು ಆಸ್ಪತ್ರೆಗೂ ಕಳುಹಿಸಬಹುದು, ಶಾಲೆಗೂ ಕಳುಹಿಸಬಹುದು. ಒಂದೇ ದಿನ ನಾಲ್ಕೈದು ಜನರನ್ನು ಸಂದರ್ಶಿಸಿದ ಮ್ಯಾನೇಜರ್ ಇದನ್ನು ಓದಿದರೆ, ಬರೆದವರು ಬೆಳಿಗ್ಗೆ ಬಂದವರೋ ಮಧ್ಯಾಹ್ನ ಬಂದವರೋ ಎಂಬುದೂ ಅವರಿಗೆ ನೆನಪಾಗದು. ಶ್ರಮಜೀವಿ, ಪ್ರಾಮಾಣಿಕ ಎಂಬ ಮಾತುಗಳನ್ನು ಯಾರು ಬೇಕಾದರೂ ಬರೆದುಕೊಳ್ಳಬಹುದಾದ್ದರಿಂದ, ಅವುಗಳಿಂದ ಓದುವವರಿಗೆ ಹೊಸದೇನೂ ತಿಳಿಯುವುದಿಲ್ಲ.

ಈ ಪತ್ರದಿಂದ ಏನಾಗುತ್ತದೆ, ಏನಾಗುವುದಿಲ್ಲ ಎಂಬುದನ್ನು ಮೊದಲೇ ತಿಳಿದಿರುವುದು ಒಳ್ಳೆಯದು. ಬೇಡವೆಂದು ಆಗಲೇ ನಿರ್ಧಾರವಾಗಿದ್ದರೆ ಧನ್ಯವಾದ ಪತ್ರ ಅದನ್ನು ಬದಲಿಸುವುದಿಲ್ಲ. ಆದರೆ ಸಂದರ್ಶನ ಮಾಡಿದವರು ಸಾಮಾನ್ಯವಾಗಿ ಅದೇ ದಿನ ಅಥವಾ ಮರುದಿನ ಪ್ರತಿ ಅಭ್ಯರ್ಥಿಯ ಬಗ್ಗೆ ನಾಲ್ಕು ಸಾಲು ಅಭಿಪ್ರಾಯ ಬರೆದು ಎಚ್‌ಆರ್‌ಗೆ ಕೊಡಬೇಕಿರುತ್ತದೆ. ಆ ಹೊತ್ತಿಗೆ ಕೈಸೇರುವ ಒಂದು ಚಿಕ್ಕ ಪತ್ರ ಅವರಿಗೆ ನಿಮ್ಮ ಜೊತೆಗಿನ ಮಾತುಕತೆಯನ್ನು ನೆನಪಿಗೆ ತರಬಲ್ಲದು. ಅರ್ಧಕ್ಕೇ ನಿಂತ ಒಂದು ಉತ್ತರವನ್ನು ಪೂರ್ತಿ ಮಾಡಬಲ್ಲದು. ಇದಕ್ಕಿಂತ ಹೆಚ್ಚಿನದನ್ನು ಅದರಿಂದ ಬಯಸತೊಡಗಿದಾಗಲೇ ಪತ್ರ ಉದ್ದವಾಗುತ್ತದೆ, ಧಾರೆಯೆರೆಯುವ ಮಾತುಗಳು ಬಂದು ಸೇರಿಕೊಳ್ಳುತ್ತವೆ.

ಉದಾಹರಣೆಗೆ ಒಂದು ಸಂದರ್ಶನ

ತುಮಕೂರಿನ ಒಬ್ಬ ಲೆಕ್ಕ ಪರಿಶೋಧಕರ ಕಚೇರಿಯಲ್ಲಿ ಎರಡು ವರ್ಷ ಕೆಲಸ ಮಾಡಿರುವ ಬಿ.ಕಾಂ. ಪದವೀಧರನೊಬ್ಬ ಬೆಂಗಳೂರಿನ ಪೀಣ್ಯದಲ್ಲಿ ಯಂತ್ರದ ಬಿಡಿಭಾಗ ತಯಾರಿಸುವ ಕಾರ್ಖಾನೆಗೆ ಅಕೌಂಟ್ಸ್ ಎಕ್ಸಿಕ್ಯೂಟಿವ್ ಹುದ್ದೆಯ ಸಂದರ್ಶನಕ್ಕೆ ಹೋಗಿದ್ದಾನೆ ಎಂದುಕೊಳ್ಳೋಣ. ಅವನನ್ನು ಸಂದರ್ಶಿಸಿದವರು ಇಬ್ಬರು: ಅಕೌಂಟ್ಸ್ ಮ್ಯಾನೇಜರ್ ಮತ್ತು ಎಚ್‌ಆರ್ ವಿಭಾಗದವರು.

ಅಲ್ಲಿ ನಡೆದ ಮಾತು ಅರ್ಥವಾಗಬೇಕಾದರೆ ಅವರ ಕೆಲಸದ ಒಂದು ಸಂಗತಿ ತಿಳಿದಿರಬೇಕು. ಕಾರ್ಖಾನೆ ಖರೀದಿಸುವ ಸಾಮಾನಿನ ಬಿಲ್ಲಿನಲ್ಲಿ ಜಿಎಸ್‌ಟಿ ಸೇರಿರುತ್ತದೆ. ಆ ತೆರಿಗೆಯ ಕ್ರೆಡಿಟ್ ಪಡೆಯಬೇಕಾದರೆ, ಅಂದರೆ ತಾನು ಕಟ್ಟಬೇಕಾದ ತೆರಿಗೆಯಲ್ಲಿ ಅಷ್ಟನ್ನು ಮುರಿದುಕೊಳ್ಳಬೇಕಾದರೆ, ಬಿಲ್ ಕೊಟ್ಟವರು ಅದನ್ನು ತಮ್ಮ ರಿಟರ್ನ್‌ನಲ್ಲಿ ತೋರಿಸಿರಬೇಕು, ಅದು ಕಾರ್ಖಾನೆಯ ಜಿಎಸ್‌ಟಿಆರ್-2ಬಿ ಪಟ್ಟಿಯಲ್ಲಿ ಕಾಣಬೇಕು. ಈ ಪಟ್ಟಿ ಪ್ರತಿ ತಿಂಗಳ 14ರಂದು ಪೋರ್ಟಲ್‌ನಲ್ಲಿ ತಾನಾಗಿಯೇ ಸಿದ್ಧವಾಗುತ್ತದೆ. ಕಾರ್ಖಾನೆ ತನ್ನ ತಿಂಗಳ ತೆರಿಗೆ ಲೆಕ್ಕದ 3ಬಿ ರಿಟರ್ನ್ ಸಲ್ಲಿಸಲು 20ರವರೆಗೆ ಸಮಯವಿರುತ್ತದೆ. ಖರೀದಿ ರಿಜಿಸ್ಟರನ್ನು 2ಬಿಯೊಂದಿಗೆ ತಾಳೆ ನೋಡಿ, ಬಾರದ ಬಿಲ್‌ಗಳ ಬೆನ್ನುಹತ್ತುವ ಕೆಲಸವೆಲ್ಲ ನಡುವಿನ ಆ ಆರು ದಿನಗಳಲ್ಲಿ ಮುಗಿಯಬೇಕು.

ಮ್ಯಾನೇಜರ್ ಕೇಳಿದ ಪ್ರಶ್ನೆ ಇದು: "ನಮಗೆ ಜಾಬ್ ವರ್ಕ್ ಮಾಡಿಕೊಡುವ ಸಣ್ಣ ವರ್ಕ್‌ಶಾಪಿನವರು ಮೂರು ತಿಂಗಳಿಗೊಮ್ಮೆ ರಿಟರ್ನ್ ಹಾಕುತ್ತಾರೆ. ಅವರ ಬಿಲ್ 2ಬಿಯಲ್ಲಿ ಬಂದಿಲ್ಲ ಅಂದರೆ ಏನು ಮಾಡ್ತೀರಿ?" ಅಭ್ಯರ್ಥಿ, "ಬಿಲ್ ಬರುವವರೆಗೆ ಪೇಮೆಂಟ್ ನಿಲ್ಲಿಸ್ತೀನಿ ಮೇಡಂ" ಎಂದ. ಅವರು "ಸರಿ" ಎಂದು ಮುಂದಿನ ಪ್ರಶ್ನೆಗೆ ಹೋದರು. ಹೊರಗೆ ಬಂದ ಮೇಲೆ ಅವನಿಗೆ ತನ್ನ ಉತ್ತರ ಸಾಲದೆಂದು ಹೊಳೆಯಿತು. ಮೂರು ತಿಂಗಳಿಗೊಮ್ಮೆ ರಿಟರ್ನ್ ಸಲ್ಲಿಸುವವರೂ ಆ ತ್ರೈಮಾಸಿಕದ ಮೊದಲ ಎರಡು ತಿಂಗಳ ಬಿಲ್‌ಗಳನ್ನು ಐಎಫ್‌ಎಫ್ ಎಂಬ ಸೌಲಭ್ಯದ ಮೂಲಕ ಮರುತಿಂಗಳ 13ರೊಳಗೆ ಹಾಕಬಹುದು. ಹಾಗೆ ಹಾಕಿದರೆ ಮಾರನೆಯ ದಿನದ 2ಬಿಯಲ್ಲಿ ಅವು ಕಾಣುತ್ತವೆ. ಅವನ ಈಗಿನ ಕಚೇರಿಯಲ್ಲಿ ಮೂವರು ಕಕ್ಷಿದಾರರಿಗೆ ಅವನೇ ಈ ಕೆಲಸವನ್ನು ನೋಡಿಕೊಳ್ಳುತ್ತಿದ್ದರೂ, ಕೇಳಿದ ಆ ಗಳಿಗೆಯಲ್ಲಿ ಅದು ನಾಲಿಗೆಗೆ ಬರಲಿಲ್ಲ.

ಹೊರಗೆ ಬಂದ ಕೂಡಲೇ ಬರೆದಿಡಿ

ಪತ್ರದ ಕೆಲಸ ಆರಂಭವಾಗುವುದು ಕಟ್ಟಡದಿಂದ ಹೊರಬಂದ ಮೊದಲ ಹತ್ತು ನಿಮಿಷಗಳಲ್ಲಿ. ಬಸ್ ನಿಲ್ದಾಣದಲ್ಲಿ ನಿಂತೇ ಆಗಲಿ, ಟೀ ಅಂಗಡಿಯಲ್ಲಿ ಕೂತೇ ಆಗಲಿ, ಮೊಬೈಲ್‌ನಲ್ಲಿ ನೆನಪಿದ್ದಷ್ಟನ್ನು ಗುರುತು ಹಾಕಿಕೊಳ್ಳಬೇಕು. ಸಂಜೆಯವರೆಗೆ ಕಾದರೆ "ಚೆನ್ನಾಗಿ ಮಾತಾಡಿಸಿದರು" ಎಂಬ ಒಟ್ಟು ಭಾವನೆ ಮಾತ್ರ ಉಳಿಯುತ್ತದೆ, ಅದರಿಂದ ಮೇಲೆ ತೋರಿಸಿದಂಥ ಪತ್ರವೇ ಹುಟ್ಟುತ್ತದೆ.

ನಮ್ಮ ಅಭ್ಯರ್ಥಿಯ ಗುರುತು ಹೀಗಿತ್ತು: "ಮ್ಯಾನೇಜರ್ ಹೆಸರಿನ ಕಾಗುಣಿತ ವಿಸಿಟಿಂಗ್ ಕಾರ್ಡಿನಲ್ಲಿದೆ. 14ರಿಂದ 20ರವರೆಗೆ ತುಂಬಾ ಒತ್ತಡ ಅಂದರು, ಕೆಲಸ ಹೇಗೆ ಹಂಚಿಕೊಳ್ತಾರೆ ಅಂತ ವಿವರಿಸಿದರು. ವರ್ಕ್‌ಶಾಪ್ ಬಿಲ್ ಪ್ರಶ್ನೆ, ಉತ್ತರ ಅರ್ಧ ಆಯಿತು. ಟ್ಯಾಲಿಯಿಂದ ಬೇರೆ ಸಾಫ್ಟ್‌ವೇರ್‌ಗೆ ಹೋಗುವ ಯೋಚನೆ ಇದೆ. ಕ್ಯಾಂಟೀನ್ ಊಟ ಉಚಿತ. ಎಚ್‌ಆರ್ ನೋಟಿಸ್ ಪೀರಿಯಡ್ ಕೇಳಿದರು, 30 ದಿನ ಅಂದೆ, ರಿಲೀವಿಂಗ್ ಬಗ್ಗೆ ಖಚಿತ ಮಾಡಿ ತಿಳಿಸ್ತೀನಿ ಅಂದೆ. ಮುಂದಿನ ಶುಕ್ರವಾರದೊಳಗೆ ಹೇಳ್ತಾರಂತೆ."

ಇಂಥ ಗುರುತಿನಲ್ಲಿ ಮುಖ್ಯವಾಗಿ ಹಿಡಿದಿಡಬೇಕಾದವು ಅವರು ತಡೆದು ನಿಂತ ಪ್ರಶ್ನೆ, ಅವರ ಬಾಯಿಂದಲೇ ಬಂದ ಕೆಲಸದ ತೊಂದರೆ, ನೀವು ತಿಳಿಸುತ್ತೇನೆಂದು ಒಪ್ಪಿಕೊಂಡ ವಿಷಯ ಮತ್ತು ಅವರು ಹೇಳಿದ ದಿನಾಂಕ. ಅವರ ಮಾತನ್ನು ಆದಷ್ಟೂ ಅವರದೇ ಪದಗಳಲ್ಲಿ ಬರೆದುಕೊಳ್ಳಿ. ಮ್ಯಾನೇಜರ್ "ವರ್ಕ್‌ಶಾಪಿನವರು" ಎಂದಿದ್ದರೆ ಪತ್ರದಲ್ಲೂ ವರ್ಕ್‌ಶಾಪ್ ಎಂದೇ ಇರಲಿ. ಅದನ್ನು "ಪೂರೈಕೆದಾರ ಸಂಸ್ಥೆಗಳು" ಎಂದು ಮಾರ್ಪಡಿಸಿದರೆ ಓದುವವರಿಗೆ ತಮ್ಮ ಪ್ರಶ್ನೆಯ ಗುರುತು ಸಿಗುವುದು ತಡವಾಗುತ್ತದೆ.

ಒಂದನ್ನು ಮಾತ್ರ ಆರಿಸಿಕೊಳ್ಳಿ

ಗುರುತಿನಲ್ಲಿರುವ ಎಲ್ಲವನ್ನೂ ಪತ್ರಕ್ಕೆ ತುಂಬಬೇಕೆಂಬ ಆಸೆ ಸಹಜ. ಆದರೆ ಚಿಕ್ಕ ಪತ್ರದಲ್ಲಿ ಒಂದು ಸಂಗತಿಗೆ ಮಾತ್ರ ಜಾಗವಿದೆ. ಆರಿಸುವಾಗ ಅರ್ಧಕ್ಕೆ ನಿಂತ ಅಥವಾ ತಪ್ಪಾಗಿ ಹೇಳಿದ ಉತ್ತರವಿದ್ದರೆ ಅದಕ್ಕೇ ಮೊದಲ ಸ್ಥಾನ ಕೊಡಬೇಕೆಂದು ನನ್ನ ಅಭಿಪ್ರಾಯ, ಏಕೆಂದರೆ ಅದನ್ನು ಸರಿಪಡಿಸಲು ಇನ್ನೊಂದು ಅವಕಾಶ ಸಿಗುವುದಿಲ್ಲ. ಅಂಥದ್ದಿಲ್ಲವಾದರೆ ಅವರು ಹೇಳಿದ ಕೆಲಸದ ತೊಂದರೆಯೊಂದನ್ನು ಹಿಡಿದು, ಅದಕ್ಕೆ ಸಂಬಂಧಿಸಿ ನೀವು ಮಾಡಿರುವ ಒಂದು ಕೆಲಸವನ್ನು ಒಂದೇ ವಾಕ್ಯದಲ್ಲಿ ಹೇಳಬಹುದು. ಅದೂ ಇಲ್ಲವೆಂದಾದರೆ ಅವರ ವಿವರಣೆಯಿಂದ ನಿಮಗೆ ಹೊಸದಾಗಿ ತಿಳಿದದ್ದು ಯಾವುದೆಂದು ಹೇಳಿ ನಿಲ್ಲಿಸಿದರೂ ಸಾಕು.

ನಮ್ಮ ಉದಾಹರಣೆಯಲ್ಲಿ ಕ್ಯಾಂಟೀನಿನ ವಿಷಯ ಪತ್ರಕ್ಕೆ ಬೇಡ. ಸಾಫ್ಟ್‌ವೇರ್ ಬದಲಾವಣೆಯ ಬಗ್ಗೆ ಅವನಿಗೆ ಹೇಳಲು ಅನುಭವವಿಲ್ಲ, ಆದ್ದರಿಂದ ಅದನ್ನೂ ಬಿಡಬೇಕು. ನೋಟಿಸ್ ಪೀರಿಯಡ್ ವಿಚಾರ ಎಚ್‌ಆರ್‌ಗೆ ಸೇರಿದ್ದು. ಉಳಿಯುವುದು ವರ್ಕ್‌ಶಾಪ್ ಬಿಲ್ಲಿನ ಪ್ರಶ್ನೆ.

ಎಲ್ಲ ತಪ್ಪು ಉತ್ತರಗಳನ್ನೂ ಹೀಗೆ ತಿದ್ದಲಾಗುವುದಿಲ್ಲ ಎಂಬುದನ್ನೂ ಹೇಳಬೇಕು. ಗೊತ್ತಿದ್ದೂ ಬಾಯಿಗೆ ಬಾರದ್ದನ್ನು, ನೀವೇ ಕೈಯಾರೆ ಮಾಡಿದ ಕೆಲಸವನ್ನು ಸೇರಿಸಿದರೆ ಅದು ಪ್ರಾಮಾಣಿಕವಾಗಿ ಕಾಣುತ್ತದೆ. ಗೊತ್ತೇ ಇಲ್ಲದ್ದನ್ನು ಮನೆಗೆ ಬಂದು ಹುಡುಕಿ, ಮೊದಲಿನಿಂದ ತಿಳಿದಿದ್ದವರಂತೆ ಬರೆದರೆ ಅನುಭವಿಗಳಿಗೆ ಓದಿದ ಕೂಡಲೇ ತಿಳಿಯುತ್ತದೆ. ಹುಡುಕಿ ಓದಿದ್ದಾದರೆ "ನಿಮ್ಮ ಪ್ರಶ್ನೆಯ ನಂತರ ಓದಿ ತಿಳಿದುಕೊಂಡೆ" ಎಂದೇ ಬರೆಯಿರಿ. ಎರಡು ಮೂರು ಉತ್ತರಗಳು ತಪ್ಪಾಗಿದ್ದರೆ ಮುಖ್ಯವಾದ ಒಂದನ್ನು ತಿದ್ದಿ ಉಳಿದವನ್ನು ಬಿಟ್ಟುಬಿಡಬೇಕು. ಇಲ್ಲದಿದ್ದರೆ ಪತ್ರ ತಪ್ಪೊಪ್ಪಿಗೆಯ ಪಟ್ಟಿಯಾಗುತ್ತದೆ.

ಮೊದಲ ಕರಡು, ಮತ್ತು ಅದರಿಂದ ತೆಗೆದುಹಾಕಿದ್ದು

ಹುದ್ದೆಗೆ ತಕ್ಕಂತೆ ಬರೆಯಲು ಹೊರಟವರು ಸಾಮಾನ್ಯವಾಗಿ ಇನ್ನೊಂದು ತುದಿಗೆ ಹೋಗುತ್ತಾರೆ. ಅಭ್ಯರ್ಥಿಯ ಮೊದಲ ಕರಡು ಹೀಗಿತ್ತು:

"ಗೌರವಾನ್ವಿತ ಮೇಡಂ, ಇಂದು ತಾವು ನನಗಾಗಿ ತಮ್ಮ ಅಮೂಲ್ಯ ಸಮಯವನ್ನು ವ್ಯಯಿಸಿದ್ದಕ್ಕೆ ಧನ್ಯವಾದಗಳು. ತಾವು ಕೇಳಿದ ಪ್ರಶ್ನೆಗೆ ಆತಂಕದಿಂದಾಗಿ ನಾನು ಸರಿಯಾಗಿ ಉತ್ತರಿಸಲಿಲ್ಲ, ದಯವಿಟ್ಟು ಕ್ಷಮಿಸಬೇಕು. ಮೂರು ತಿಂಗಳಿಗೊಮ್ಮೆ ರಿಟರ್ನ್ ಸಲ್ಲಿಸುವವರು ಐಎಫ್‌ಎಫ್ ಮೂಲಕ 13ರೊಳಗೆ ಬಿಲ್‌ಗಳನ್ನು ಅಪ್‌ಲೋಡ್ ಮಾಡಬಹುದಾಗಿದ್ದು, ಹಾಗೆ ಮಾಡಿದಲ್ಲಿ ಅವು 14ರ 2ಬಿಯಲ್ಲಿ ಬರುತ್ತವೆ. ಇದಲ್ಲದೆ, ಸಣ್ಣ ಉದ್ದಿಮೆಗಳಿಗೆ 45 ದಿನಗಳೊಳಗೆ ಹಣ ಪಾವತಿಸಬೇಕೆಂದು ಕಾಯ್ದೆಯಲ್ಲಿರುವುದರಿಂದ ಪೂರ್ತಿ ಪೇಮೆಂಟ್ ನಿಲ್ಲಿಸುವುದು ಸರಿಯಲ್ಲ ಎಂಬುದೂ ನನಗೆ ತಿಳಿದಿದೆ. ನಾನು ಎರಡು ವರ್ಷಗಳಿಂದ ಟ್ಯಾಲಿಯಲ್ಲಿ ಕೆಲಸ ಮಾಡುತ್ತಿದ್ದು, ಟಿಡಿಎಸ್ ಹಾಗೂ ಜಿಎಸ್‌ಟಿ ರಿಟರ್ನ್‌ಗಳಲ್ಲಿ ಉತ್ತಮ ಅನುಭವ ಹೊಂದಿದ್ದೇನೆ. ತಮ್ಮ ಸಂಸ್ಥೆಯಲ್ಲಿ ಕೆಲಸ ಮಾಡಲು ಅತ್ಯಂತ ಉತ್ಸುಕನಾಗಿದ್ದೇನೆ."

ಇದು ಮೊದಲಿನದಕ್ಕಿಂತ ಬಹಳ ಉತ್ತಮ, ಏಕೆಂದರೆ ಆ ಕೋಣೆಯಲ್ಲಿ ಕೂತಿದ್ದವನಲ್ಲದೆ ಬೇರೆಯವರು ಇದನ್ನು ಬರೆಯಲಾರರು. ಆದರೂ ಒಂದೊಂದೇ ವಾಕ್ಯವನ್ನು ಹಿಡಿದು, ಇದರಿಂದ ಓದುವವರಿಗೆ ಏನು ತಿಳಿಯಿತು ಎಂದು ಕೇಳಿಕೊಂಡಾಗ ಅರ್ಧಕ್ಕೂ ಹೆಚ್ಚು ಭಾಗ ಉದುರುತ್ತದೆ.

"ಅಮೂಲ್ಯ ಸಮಯವನ್ನು ವ್ಯಯಿಸಿದ್ದಕ್ಕೆ" ಎಂಬಲ್ಲಿ ಧನ್ಯವಾದ ಯಾವುದಕ್ಕೆಂದು ಸ್ಪಷ್ಟವಿಲ್ಲ. ಮ್ಯಾನೇಜರ್ ತಿಂಗಳ ಆ ಆರು ದಿನಗಳ ಕೆಲಸ ಹೇಗೆ ನಡೆಯುತ್ತದೆಂದು ಬಿಡಿಸಿ ಹೇಳಿದ್ದರು. ಧನ್ಯವಾದವನ್ನು ಅದಕ್ಕೇ ಹೇಳಿದರೆ ಅದೇ ನಾಲ್ಕು ಪದಗಳಲ್ಲಿ ಮಾತಿಗೆ ತೂಕ ಬರುತ್ತದೆ. "ಆತಂಕದಿಂದಾಗಿ", "ಕ್ಷಮಿಸಬೇಕು" ಎಂಬ ಮಾತುಗಳು ಓದುವವರ ಗಮನವನ್ನು ಉತ್ತರದಿಂದ ಕಿತ್ತು ಅವನ ಆತಂಕದ ಮೇಲೆ ನಿಲ್ಲಿಸುತ್ತವೆ. ಅರ್ಧ ಉತ್ತರ ಕ್ಷಮೆ ಕೇಳುವಂಥ ತಪ್ಪೇನಲ್ಲ. ಪೂರ್ತಿ ಉತ್ತರವನ್ನು ಕೊಟ್ಟರೆ ಸಾಕು.

ಐಎಫ್‌ಎಫ್ ವಾಕ್ಯದಲ್ಲಿ ಇನ್ನೂ ಸೂಕ್ಷ್ಮವಾದ ದೋಷವಿದೆ. ಅದು ನಿಯಮವನ್ನು ವಿವರಿಸುತ್ತದೆ, ಆದರೆ ಮ್ಯಾನೇಜರ್‌ಗೆ ಆ ನಿಯಮ ಚೆನ್ನಾಗಿ ಗೊತ್ತು. ಅವರು ಕೇಳಿದ್ದು "ನೀವು ಏನು ಮಾಡ್ತೀರಿ" ಎಂದು. ಆದ್ದರಿಂದ ವಾಕ್ಯದಲ್ಲಿ ನಿಯಮ ಹಿಂದಕ್ಕೆ ಸರಿದು, ಅವನು ಮಾಡುವ ಕೆಲಸ ಮುಂದೆ ಬರಬೇಕು: ತಿಂಗಳ ಮೊದಲ ವಾರದಲ್ಲೇ ವರ್ಕ್‌ಶಾಪಿನವರಿಗೆ ಬಿಲ್‌ಗಳ ಪಟ್ಟಿ ಕಳುಹಿಸುವುದು. 45 ದಿನಗಳ ಮಾತು ಸರಿಯಾದದ್ದೇ. 2006ರ ಎಂಎಸ್‌ಎಂಇ ಕಾಯ್ದೆಯಲ್ಲಿ ಆ ಮಿತಿಯಿದೆ. ಆದರೆ "ನನಗೆ ತಿಳಿದಿದೆ" ಎಂದು ಹೇಳುವುದಕ್ಕಾಗಿ ಮಾತ್ರ ಅದು ಬಂದಿದೆ, ಎರಡನೆಯ ವಿಷಯವಾಗಿ ಬಂದು ಮೊದಲನೆಯದನ್ನು ಮಸುಕಾಗಿಸುತ್ತದೆ. ಅದನ್ನು ಎರಡನೇ ಸುತ್ತಿನ ಮಾತುಕತೆಗೆ ಉಳಿಸಿಕೊಳ್ಳುವುದು ಲೇಸು. ಟ್ಯಾಲಿ, ಟಿಡಿಎಸ್ ಎಲ್ಲವೂ ರೆಸ್ಯೂಮೆಯಲ್ಲಿ ಈಗಾಗಲೇ ಇವೆ. "ಅತ್ಯಂತ ಉತ್ಸುಕನಾಗಿದ್ದೇನೆ" ಎಂಬುದನ್ನು ಪತ್ರ ಬರೆದಿರುವುದೇ ಹೇಳುತ್ತದೆ.

ಇಷ್ಟನ್ನೂ ತೆಗೆದ ಮೇಲೆ ಉಳಿದ ಪತ್ರ ಇದು:

"ವಿಷಯ: ಅಕೌಂಟ್ಸ್ ಎಕ್ಸಿಕ್ಯೂಟಿವ್ ಸಂದರ್ಶನ: ವರ್ಕ್‌ಶಾಪ್ ಬಿಲ್ ಪ್ರಶ್ನೆಗೆ ಒಂದು ಸೇರ್ಪಡೆ

ಮೇಡಂ, ನಮಸ್ಕಾರ.

ಇಂದು ಬೆಳಿಗ್ಗೆ ನನ್ನನ್ನು ಸಂದರ್ಶಿಸಿದ್ದಕ್ಕೆ, 14ರಿಂದ 20ರವರೆಗಿನ ಕೆಲಸ ನಿಮ್ಮಲ್ಲಿ ಹೇಗೆ ನಡೆಯುತ್ತದೆಂದು ಬಿಡಿಸಿ ಹೇಳಿದ್ದಕ್ಕೆ ಧನ್ಯವಾದಗಳು.

ವರ್ಕ್‌ಶಾಪ್‌ಗಳ ಬಿಲ್ 2ಬಿಯಲ್ಲಿ ಬಾರದಿದ್ದರೆ ಪೇಮೆಂಟ್ ನಿಲ್ಲಿಸುತ್ತೇನೆ ಎಂದಿದ್ದೆ. ಅದಕ್ಕೂ ಮೊದಲು, 13ರೊಳಗೆ ಐಎಫ್‌ಎಫ್‌ನಲ್ಲಿ ಹಾಕಬೇಕಾದ ಬಿಲ್‌ಗಳ ಪಟ್ಟಿಯನ್ನು ತಿಂಗಳ ಮೊದಲ ವಾರವೇ ಅವರಿಗೆ ಕಳುಹಿಸುತ್ತೇನೆ. ಈಗಿನ ಕಚೇರಿಯಲ್ಲಿ ಮೂವರು ಕಕ್ಷಿದಾರರಿಗೆ ಹೀಗೆಯೇ ಮಾಡುತ್ತಿದ್ದೇನೆ.

ಬೇರೆ ಯಾವುದಾದರೂ ವಿವರ ಬೇಕಿದ್ದರೆ ದಯವಿಟ್ಟು ತಿಳಿಸಿ."

ಕೆಳಗೆ ಹೆಸರು, ಮೊಬೈಲ್ ಸಂಖ್ಯೆ. ಮೊಬೈಲ್ ಪರದೆಯಲ್ಲಿ ಬೆರಳಾಡಿಸದೆಯೇ ಬಹುತೇಕ ಪೂರ್ತಿ ಕಾಣುವಷ್ಟು ಚಿಕ್ಕದು, ಮತ್ತು ಅಳತೆಗೆ ಅದೇ ಒಳ್ಳೆಯ ಮಾನದಂಡ. ಬರೆದ ಪತ್ರವನ್ನು ಮೊದಲು ನಿಮಗೇ ಕಳುಹಿಸಿಕೊಂಡು ಮೊಬೈಲ್‌ನಲ್ಲಿ ತೆರೆದು ನೋಡಿ. ಎರಡು ಸಲ ಕೆಳಗೆ ಎಳೆಯಬೇಕಾದರೆ ಇನ್ನೂ ತೆಗೆಯುವುದಿದೆ ಎಂದರ್ಥ.

ಯಾರಿಗೆ, ಯಾವಾಗ, ಯಾವ ಭಾಷೆಯಲ್ಲಿ

ಸಂದರ್ಶನಕ್ಕೆ ಕರೆದ ಇಮೇಲ್ ಇದ್ದರೆ ಅದಕ್ಕೇ ಉತ್ತರವಾಗಿ ಕಳುಹಿಸುವುದು ಸುಲಭ, ಏಕೆಂದರೆ ನೀವು ಯಾರು, ಯಾವ ಹುದ್ದೆ ಎಂಬುದು ಕೆಳಗಿನ ಹಳೆಯ ಪತ್ರದಲ್ಲೇ ಇರುತ್ತದೆ. ಮ್ಯಾನೇಜರ್ ವಿಸಿಟಿಂಗ್ ಕಾರ್ಡ್ ಕೊಟ್ಟಿದ್ದರೆ ನೇರವಾಗಿ ಅವರಿಗೇ ಬರೆಯಬಹುದು. ಕೊಟ್ಟಿಲ್ಲವಾದರೆ ವಿಳಾಸವನ್ನು ಊಹಿಸಿ ಬರೆಯಬೇಡಿ. ಎಚ್‌ಆರ್‌ಗೆ ಕಳುಹಿಸಿ, ದಯವಿಟ್ಟು ಅವರಿಗೂ ತಲುಪಿಸಿ ಎಂದು ಕೇಳಿಕೊಳ್ಳಿ. ಕನ್ಸಲ್ಟೆನ್ಸಿಯ ಮೂಲಕ ಹೋದವರು ಅವರ ಮೂಲಕವೇ, ಕ್ಯಾಂಪಸ್ ಸಂದರ್ಶನಕ್ಕೆ ಕೂತವರು ಕಾಲೇಜಿನ ಪ್ಲೇಸ್‌ಮೆಂಟ್ ಅಧಿಕಾರಿಯ ಮೂಲಕವೇ ಕಳುಹಿಸುವುದು ವಾಡಿಕೆ. ಎಲ್ಲ ಮಾತುಕತೆಯೂ ವಾಟ್ಸಾಪಿನಲ್ಲೇ ನಡೆದಿದ್ದರೆ ಅಲ್ಲಿಯೇ ಎರಡು ಸಾಲು ಬರೆದರೂ ತಪ್ಪಿಲ್ಲ, ಆದರೆ ಬೇರೆಡೆಯಿಂದ ಹುಡುಕಿ ತೆಗೆದ ಅವರ ಸ್ವಂತ ಸಂಖ್ಯೆಗೆ ಕಳುಹಿಸಬಾರದು.

ಇಬ್ಬರು ಸಂದರ್ಶಿಸಿದ್ದರೆ ಇಬ್ಬರಿಗೂ ಒಂದೇ ಪತ್ರವನ್ನು ನಕಲು ಮಾಡಬೇಡಿ. ಅವರು ಒಂದೇ ಕಚೇರಿಯಲ್ಲಿ ಕೂರುವವರು, ಪರಸ್ಪರ ತೋರಿಸಿಕೊಳ್ಳುವ ಸಾಧ್ಯತೆಯಿದೆ. ನಮ್ಮ ಅಭ್ಯರ್ಥಿ ಎಚ್‌ಆರ್‌ಗೆ ಬರೆದದ್ದು ಇಷ್ಟೇ: "ಇಂದಿನ ಸಂದರ್ಶನಕ್ಕೆ ವ್ಯವಸ್ಥೆ ಮಾಡಿದ್ದಕ್ಕೆ ಧನ್ಯವಾದಗಳು ಮೇಡಂ. ನನ್ನ ನೋಟಿಸ್ ಪೀರಿಯಡ್ 30 ದಿನ. ಕಚೇರಿಯಲ್ಲಿ ವಿಚಾರಿಸಿದ್ದೇನೆ, ಅದಕ್ಕಿಂತ ಮೊದಲು ಬಿಡುಗಡೆ ಸಾಧ್ಯವಿಲ್ಲ." ಉತ್ತರ ಅನುಕೂಲಕರವಾಗಿಲ್ಲದಿದ್ದರೂ, ತಿಳಿಸುತ್ತೇನೆಂದು ಹೇಳಿದ್ದನ್ನು ಹೇಳಿದ ಸಮಯಕ್ಕೆ ತಿಳಿಸಿದಂತಾಯಿತು.

ಸಮಯದ ಮಟ್ಟಿಗೆ, ಅದೇ ಸಂಜೆ ಅಥವಾ ಮರುದಿನ ಬೆಳಿಗ್ಗೆ ಸರಿ. ಮೂರು ದಿನ ಕಳೆದರೆ ಅಭಿಪ್ರಾಯ ಬರೆದು ಮುಗಿದಿರುತ್ತದೆ. ರಾತ್ರಿ ಹನ್ನೊಂದಕ್ಕೆ ಬರೆದು ಮುಗಿಸಿದರೆ ಬೆಳಿಗ್ಗೆ ಕಚೇರಿ ತೆರೆಯುವ ಹೊತ್ತಿಗೆ ತಲುಪುವಂತೆ ಸಮಯ ನಿಗದಿ ಮಾಡಿಡುವ ಸೌಲಭ್ಯ ಜಿಮೇಲ್‌ನಲ್ಲಿದೆ.

ಭಾಷೆಯ ವಿಷಯದಲ್ಲಿ, ಕರೆ ಬಂದ ಇಮೇಲ್ ಯಾವ ಭಾಷೆಯಲ್ಲಿತ್ತೋ ಅದರಲ್ಲೇ ಉತ್ತರಿಸಬೇಕು. ಬೆಂಗಳೂರಿನ ಹೆಚ್ಚಿನ ಕಂಪನಿಗಳಲ್ಲಿ ಅದು ಇಂಗ್ಲಿಷ್ ಆಗಿರುತ್ತದೆ. ಕನ್ನಡದಲ್ಲಿ ಮಾತನಾಡಿದ ಸಂದರ್ಶನಕ್ಕೂ ಪತ್ರ ಇಂಗ್ಲಿಷಿನಲ್ಲಿ ಹೋಗುವುದು ಸಾಮಾನ್ಯ. ಆಗಲೂ ಮುಖ್ಯವಾದ ಆ ಒಂದು ವಾಕ್ಯವನ್ನು ಮೊದಲು ಕನ್ನಡದಲ್ಲಿ, ಬಾಯಲ್ಲಿ ಹೇಳುವಂತೆ ಬರೆದುಕೊಂಡು ಆಮೇಲೆ ಇಂಗ್ಲಿಷಿಗೆ ತಂದರೆ, ಸಿದ್ಧ ಮಾದರಿಗಳಿಂದ ಎತ್ತಿಕೊಂಡ ಸಾಲುಗಳು ನಡುವೆ ನುಸುಳುವುದಿಲ್ಲ.

ಸರ್ಕಾರಿ ನೇಮಕಾತಿಗೆ ಈ ಯಾವುದೂ ಅನ್ವಯಿಸುವುದಿಲ್ಲ. ಲೋಕಸೇವಾ ಆಯೋಗ, ಸರ್ಕಾರಿ ಬ್ಯಾಂಕು, ಸಾರ್ವಜನಿಕ ಉದ್ದಿಮೆಗಳ ಸಂದರ್ಶನ ಮಂಡಳಿಯವರಿಗೆ ಪತ್ರ ಬರೆಯಲೇಬೇಡಿ. ಯಾವುದೇ ರೀತಿಯಲ್ಲಿ ಪ್ರಭಾವ ಬೀರಲು ಯತ್ನಿಸಿದರೆ ಅಭ್ಯರ್ಥಿಯನ್ನು ಅನರ್ಹಗೊಳಿಸಲಾಗುವುದೆಂಬ ಷರತ್ತು ಅಂಥ ಅಧಿಸೂಚನೆಗಳಲ್ಲಿ ಸಾಮಾನ್ಯವಾಗಿ ಇರುತ್ತದೆ, ಸದುದ್ದೇಶದ ಧನ್ಯವಾದವನ್ನೂ ಹಾಗೆಂದು ಅರ್ಥ ಮಾಡಿಕೊಳ್ಳಲು ಅವಕಾಶವಾಗುತ್ತದೆ.

ಪತ್ರಕ್ಕೆ ಉತ್ತರ ಬಾರದಿದ್ದರೆ ಅದರಿಂದ ಯಾವ ಅರ್ಥವನ್ನೂ ಕಟ್ಟಿಕೊಳ್ಳಬೇಕಾಗಿಲ್ಲ. ಇಂಥ ಪತ್ರಗಳಿಗೆ ಉತ್ತರಿಸುವ ಪದ್ಧತಿ ಅನೇಕ ಕಡೆ ಇಲ್ಲ. ಅವರು ಹೇಳಿದ ಶುಕ್ರವಾರದವರೆಗೆ ಮತ್ತೆ ಬರೆಯಬಾರದು. ಶುಕ್ರವಾರ ಕಳೆದು ಇನ್ನೆರಡು ಕೆಲಸದ ದಿನ ಬಿಟ್ಟು, ಎಚ್‌ಆರ್‌ಗೆ, ಅದೇ ಹಳೆಯ ಇಮೇಲಿಗೆ ಉತ್ತರವಾಗಿ ಹೀಗೆ ಕೇಳಬಹುದು: "ಮೇಡಂ, ನಮಸ್ಕಾರ. ಅಕೌಂಟ್ಸ್ ಎಕ್ಸಿಕ್ಯೂಟಿವ್ ಹುದ್ದೆಯ ನಿರ್ಧಾರವನ್ನು ಕಳೆದ ಶುಕ್ರವಾರದೊಳಗೆ ತಿಳಿಸುವುದಾಗಿ ಹೇಳಿದ್ದಿರಿ. ಆಯ್ಕೆ ಪ್ರಕ್ರಿಯೆ ಇನ್ನೂ ನಡೆಯುತ್ತಿದ್ದರೆ, ಯಾವಾಗ ತಿಳಿಯಬಹುದೆಂದು ಹೇಳಲು ಸಾಧ್ಯವೇ?" ಇದಕ್ಕೂ ಉತ್ತರ ಬಾರದಿದ್ದರೆ ಒಂದು ವಾರದ ನಂತರ ಕಚೇರಿಯ ಸಮಯದಲ್ಲಿ ಒಮ್ಮೆ ಫೋನ್ ಮಾಡಿ ಕೇಳಿ, ಅಲ್ಲಿಗೆ ಬಿಟ್ಟು ಮುಂದಿನ ಅರ್ಜಿಯ ಕಡೆಗೆ ಹೋಗಬೇಕು.